ಜ್ವರದ ಸೆಳವು: ಕೂಸಿನ ಮಿದುಳಿಗೆ ಕುತ್ತು ಯಾವುದರಿಂದ?

ಜ್ವರ ಬಂದ ಕೂಸು ಇದ್ದಕ್ಕಿದ್ದಂತೆ ಕಣ್ಣು ಮೇಲೆ ಮಾಡಿ, ಮೈ ಸೆಟೆದು, ಕೈಕಾಲು ಜಗ್ಗತೊಡಗಿದರೆ ನಮ್ಮ ಕಡೆಯ ಮನೆಗಳಲ್ಲಿ ಮೊದಲು ಹುಡುಕುವುದು ಕಬ್ಬಿಣದ ಕೀಲಿಕೈಯನ್ನು. ಅದನ್ನು ಕೂಸಿನ ಮುಷ್ಟಿಯೊಳಗೆ ತುರುಕುತ್ತಾರೆ. ಒಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ, ಇನ್ನೊಬ್ಬರು ನಾಲಿಗೆ ಕಚ್ಚಿಕೊಂಡೀತೆಂದು ಹಲ್ಲುಗಳ ನಡುವೆ ಚಮಚ ಸೇರಿಸುತ್ತಾರೆ, ಮತ್ತೊಬ್ಬರು ಕೈಕಾಲು ಒತ್ತಿ ಹಿಡಿಯುತ್ತಾರೆ. ಎರಡು ಮೂರು ನಿಮಿಷದಲ್ಲಿ ಜಗ್ಗುವುದು ನಿಲ್ಲುತ್ತದೆ, ಕೀರ್ತಿ ಕೀಲಿಕೈಗೆ ಹೋಗುತ್ತದೆ. ಈ ನಂಬಿಕೆ ಗಟ್ಟಿಯಾಗಿರುವುದಕ್ಕೆ ಜನರ ಅರಿವುಗೇಡಿತನ ಕಾರಣವಲ್ಲ. ಕಣ್ಣಾರೆ ಕಂಡದ್ದನ್ನೇ ಅವರು ನಂಬಿದ್ದಾರೆ. ಆದರೆ ಜ್ವರದ ಸೆಳವು ಬಹುಪಾಲು ಕೂಸುಗಳಲ್ಲಿ ಐದು ನಿಮಿಷದೊಳಗೆ ತಾನಾಗಿಯೇ ನಿಲ್ಲುತ್ತದೆ. ಕೈಯಲ್ಲಿ ಕೀಲಿ ಇದ್ದರೂ ನಿಲ್ಲುತ್ತದೆ, ಇಲ್ಲದಿದ್ದರೂ ನಿಲ್ಲುತ್ತದೆ. ಏನು ಮಾಡಿದರೂ ಫಲಿಸಿದಂತೆ ಕಾಣುವ ಇಂಥ ಕಡೆಯಲ್ಲಿ, ಮಾಡಿದ್ದರಿಂದ ಆದ ಕೆಡುಕು ಮಾತ್ರ ಲೆಕ್ಕಕ್ಕೆ ಬರಬೇಕು.

ಹಾಗೆ ಲೆಕ್ಕ ಹಾಕಿದರೆ ಕೀಲಿಕೈ, ಉಳ್ಳಾಗಡ್ಡಿ ಬರೀ ನಿರುಪಯೋಗಿಗಳು, ಹೆದರಬೇಕಾದ್ದು ಚಮಚಕ್ಕೆ. ಸೆಳವಿನಲ್ಲಿ ದವಡೆ ಬಿಗಿಯುತ್ತದೆ, ಚಮಚ ನುಗ್ಗಿಸಿದರೆ ಹಾಲುಹಲ್ಲು ಮುರಿದು ಶ್ವಾಸನಾಳಕ್ಕೆ ಜಾರಬಹುದು. ನಾಲಿಗೆ ನುಂಗಿಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಅಂಚು ಕಚ್ಚಿಕೊಂಡು ಸ್ವಲ್ಪ ರಕ್ತ ಬಂದರೂ ಅದು ಮಾಯುತ್ತದೆ. ಬಾಯಿಗೆ ಹಾಕಿದ ನೀರು, ಜ್ವರದ ಸಿರಪ್ಪು ಪುಪ್ಪುಸಕ್ಕೆ ಇಳಿದರೆ ಉಸಿರಿಗೇ ಅಪಾಯ. ಎಲ್ಲಕ್ಕಿಂತ ಕ್ರೂರವಾದದ್ದು ಬರೆ. ಜ್ವರದ ಕೂಸಿನ ಮೈಯನ್ನು ಊದುಬತ್ತಿಯಿಂದ ಸುಟ್ಟು, ಕೂಸು ತೀರಿಕೊಂಡ ಪ್ರಕರಣ ಕನಕಗಿರಿ ತಾಲ್ಲೂಕಿನಿಂದ 2025ರಲ್ಲಿ ಸುದ್ದಿಯಾಯಿತು. ಸುಟ್ಟ ಚರ್ಮ ಸೋಂಕಿಗೆ ಬಾಗಿಲು ತೆರೆಯುತ್ತದೆ, ಜ್ವರದ ಮೂಲ ಹಾಗೇ ಉಳಿಯುತ್ತದೆ.

ಹಾಗಾದರೆ ಆ ಹೊತ್ತಿನಲ್ಲಿ ಮಾಡಬೇಕಾದ್ದೇನು? ಯಲಬುರ್ಗಾದ ಒಂದು ಒಳಹಳ್ಳಿಯಲ್ಲಿ ಒಂದೂವರೆ ವರ್ಷದ, ಹತ್ತು ಕಿಲೋ ತೂಕದ ಕೂಸಿಗೆ ಸೆಳವು ಬಂತೆಂದು ಇಟ್ಟುಕೊಳ್ಳೋಣ. ಮೊದಲ ಕೆಲಸ ಗಡಿಯಾರ ನೋಡುವುದು, ಏಕೆಂದರೆ ಭಯದಲ್ಲಿ ಒಂದು ನಿಮಿಷ ಹತ್ತರಂತೆ ಕಾಣುತ್ತದೆ, ಮುಂದಿನ ನಿರ್ಧಾರವೆಲ್ಲ ನಿಂತಿರುವುದು ಆ ಲೆಕ್ಕದ ಮೇಲೆ. ಕೂಸನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಬೇಕು, ಜೊಲ್ಲು, ವಾಂತಿ ತಾನಾಗಿ ಹೊರಗೆ ಹರಿಯಲಿ. ಕೊರಳಿನ ಗುಂಡಿ ಬಿಚ್ಚಿ, ಸುತ್ತಲಿನ ಗಟ್ಟಿ ಸಾಮಾನು ಸರಿಸಿ, ಬಾಯಿಗೆ ಏನೂ ಹಾಕದೆ, ಕೈಕಾಲು ಹಿಡಿಯದೆ ಪಕ್ಕದಲ್ಲಿರಬೇಕು. ಒಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸಿದರೆ ಒಳ್ಳೆಯದು: ಎರಡೂ ಬದಿ ಜಗ್ಗಿತೋ ಒಂದೇ ಬದಿಯೋ ಎಂಬುದು ವೈದ್ಯರಿಗೆ ಬಹಳ ಮುಖ್ಯ. ಐದು ನಿಮಿಷ ದಾಟಿದರೆ ಅದು ತಾನಾಗಿ ನಿಲ್ಲುವ ಸಂಭವ ಕಡಿಮೆಯಾಗುತ್ತದೆ. ಆಗ 108ಕ್ಕೆ ಕರೆ ಮಾಡಬೇಕು. ಹಿಂದೆ ಸೆಳವು ಬಂದಿದ್ದ ಕೂಸಾಗಿದ್ದು ವೈದ್ಯರು ಮಿಡಜೋಲಾಮ್ ಎಂಬ ಮೂಗಿನ ಸ್ಪ್ರೇ ಬರೆದುಕೊಟ್ಟಿದ್ದರೆ ಅದನ್ನು ಕೊಡುವ ಹೊತ್ತೂ ಇದೇ. ಕಿಲೋಗೆ 0.2 ಮಿಲಿಗ್ರಾಂ ಲೆಕ್ಕದಲ್ಲಿ ಈ ಕೂಸಿಗೆ 2 ಮಿಲಿಗ್ರಾಂ, ಅಂದರೆ ಒಂದು ಒತ್ತಿಗೆ 0.5 ಮಿಲಿಗ್ರಾಂ ಬರುವ ಬಾಟಲಿಯಾದರೆ ಒಂದೊಂದು ಹೊಳ್ಳೆಗೆ ಎರಡೆರಡು ಒತ್ತು. ಬೇರೆ ಪ್ರಮಾಣದ ಬಾಟಲಿಗಳೂ ಇರುವುದರಿಂದ ಎಷ್ಟು ಒತ್ತು ಎಂಬುದನ್ನು ವೈದ್ಯರಿಂದಲೇ ಬರೆಸಿಕೊಂಡು ಬಾಟಲಿಗೆ ಅಂಟಿಸಿಡುವುದು ಒಳ್ಳೆಯದು. ಒಳಹಳ್ಳಿಯಿಂದ ತಾಲ್ಲೂಕು ಆಸ್ಪತ್ರೆ ಮುಟ್ಟಲು ಅರ್ಧ ಗಂಟೆ ಹಿಡಿಯುವ ನಮ್ಮಲ್ಲಿ ಈ ಸ್ಪ್ರೇಯ ಬೆಲೆ ಪಟ್ಟಣಕ್ಕಿಂತ ಹೆಚ್ಚು. ಐದು ನಿಮಿಷದೊಳಗೆ ನಿಂತರೂ, ಮೊದಲ ಸಲದ ಸೆಳವಾದರೆ ಅದೇ ದಿನ ವೈದ್ಯರಿಗೆ ತೋರಿಸಲೇಬೇಕು.

ಇನ್ನು ತಾಯಿಯರನ್ನು ವರ್ಷಗಟ್ಟಲೆ ಕಾಡುವ ಪ್ರಶ್ನೆ: ಜ್ವರ ನೆತ್ತಿಗೇರಿತಲ್ಲ, ಮಿದುಳು ಕೆಟ್ಟಿತೇ? ಅಮೆರಿಕದಲ್ಲಿ ನೆಲ್ಸನ್ ಮತ್ತು ಎಲೆನ್‌ಬರ್ಗ್ ಎಂಬ ಸಂಶೋಧಕರು ಸುಮಾರು 54 ಸಾವಿರ ಮಕ್ಕಳನ್ನು ಏಳು ವರ್ಷದವರೆಗೆ ಹಿಂಬಾಲಿಸಿದ ದೊಡ್ಡ ಅಧ್ಯಯನವೊಂದರ ಮಾಹಿತಿಯನ್ನು 1970ರ ದಶಕದಲ್ಲಿ ಪರಿಶೀಲಿಸಿದರು. ಅವರು ಮಾಡಿದ ಹೋಲಿಕೆಯೇ ಜಾಣತನದ್ದು. ಸೆಳವು ಬಂದಿದ್ದ 431 ಮಕ್ಕಳನ್ನು ಸೆಳವು ಬಾರದ ಅವರ ಒಡಹುಟ್ಟಿದವರ ಜೊತೆಗೇ ಇಟ್ಟು ನೋಡಿದರು. ಒಂದೇ ಮನೆ, ಅದೇ ಊಟ, ಅದೇ ತಾಯಿತಂದೆ. ಏಳನೆಯ ವಯಸ್ಸಿನಲ್ಲಿ ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಇಬ್ಬರ ನಡುವೆ ವ್ಯತ್ಯಾಸ ಕಾಣಲಿಲ್ಲ. 1970ರಲ್ಲಿ ಹುಟ್ಟಿದ ಬ್ರಿಟನ್ನಿನ ಮಕ್ಕಳನ್ನು ಹತ್ತನೆಯ ವಯಸ್ಸಿನಲ್ಲಿ ಪರೀಕ್ಷಿಸಿದ ಅಧ್ಯಯನ ಕೂಡ ಹೆಚ್ಚುಕಡಿಮೆ ಇದನ್ನೇ ಹೇಳಿತು. ಇದಕ್ಕಿಂತ ಮನಮುಟ್ಟುವ ಸಾಕ್ಷ್ಯ 1990ರದು. ಸೆಳವು ಮರಳದಿರಲೆಂದು ದಿನವೂ ಫಿನೋಬಾರ್ಬಿಟಾಲ್ ಮಾತ್ರೆಗೆ ನಿಗದಿಯಾದ ಕೂಸುಗಳ ಬುದ್ಧಿಶಕ್ತಿಯ ಅಂಕ ಎರಡು ವರ್ಷದ ಕೊನೆಗೆ ಉಳಿದವರಿಗಿಂತ ಎಂಟರಷ್ಟು ಕೆಳಗಿತ್ತು, ಸೆಳವು ಮಾತ್ರ ಕಡಿಮೆಯಾಗಿರಲಿಲ್ಲ. ಮಿದುಳನ್ನು ಕಾಪಾಡಲು ಕೊಟ್ಟ ಔಷಧಿಯೇ ಅದಕ್ಕೆ ಭಾರವಾಯಿತು. ಸಾಮಾನ್ಯ ಜ್ವರದ ಸೆಳವಿಗೆ ಇಂದಿಗೂ ದಿನನಿತ್ಯದ ಮಾತ್ರೆ ಬರೆಯುವುದು, ತಲೆಯ ಸ್ಕ್ಯಾನ್ ಮಾಡಿಸುವುದು ಆಧುನಿಕ ವೇಷದ ಕೀಲಿಕೈಯೇ ಎಂದು ನನ್ನ ಅಭಿಪ್ರಾಯ.

ಇದಕ್ಕೆ ಬರುವ ಆಕ್ಷೇಪ ಬಲವಾದದ್ದು. ನಮ್ಮೂರಿನಲ್ಲಿ ಜ್ವರ ಬಂದು ಫಿಟ್ಸ್ ಬಂದ ಮೇಲೆ ಮಾತು ಹೋದ, ಕೈಕಾಲು ಸೋತ ಹುಡುಗ ಇದ್ದಾನಲ್ಲ, ಅವನೇನು? ಇಂಥ ಮಕ್ಕಳಿದ್ದಾರೆ, ನಿಜ. ಆದರೆ ಅವರಲ್ಲಿ ಹೆಚ್ಚಿನವರಿಗೆ ಬಂದದ್ದು ಜ್ವರದ ಸೆಳವಲ್ಲ, ಮಿದುಳಿಗೇ ತಗುಲಿದ ಸೋಂಕು; ಸೆಳವು ಅದರ ಲಕ್ಷಣ. ಗಂಗಾವತಿಯ ಭತ್ತದ ಸೀಮೆಯಲ್ಲಿ ಇದನ್ನು ಮರೆಯುವಂತಿಲ್ಲ. ಕಾಲುವೆ ನೀರು ನಿಂತ ಗದ್ದೆಗಳಲ್ಲಿ ಹುಟ್ಟುವ ಸೊಳ್ಳೆ ಹರಡುವ ಜಪಾನಿ ಮಿದುಳು ಜ್ವರ ಕೊಪ್ಪಳ ಜಿಲ್ಲೆಗೆ ಹೊಸದಲ್ಲ, ಅದರ ಲಸಿಕೆ ಇಲ್ಲಿ ಒಂಬತ್ತು ತಿಂಗಳಿಗೆ ಮತ್ತು ಒಂದೂವರೆ ವರ್ಷದ ಆಸುಪಾಸಿಗೆ ಕೊಡುವುದಿದೆ. ಗುರುತಿಸುವುದು ಹೀಗೆ: ಆರು ತಿಂಗಳಿನಿಂದ ಐದು ವರ್ಷದೊಳಗಿನ ಕೂಸಿಗೆ ಬಂದು, ಇಡೀ ಮೈ ಜಗ್ಗಿ, ಹದಿನೈದು ನಿಮಿಷದೊಳಗೆ ನಿಂತು, ಇಪ್ಪತ್ನಾಲ್ಕು ಗಂಟೆಯಲ್ಲಿ ಮರಳದ ಸೆಳವು ಸಾಮಾನ್ಯದ್ದು. ನಿದ್ದೆಗಣ್ಣಿನಲ್ಲಿದ್ದರೂ ಅಂಥ ಕೂಸು ಗಂಟೆಯೊಳಗೆ ಎಚ್ಚೆತ್ತು ತಾಯಿಯನ್ನು ಗುರುತಿಸುತ್ತದೆ. ಎಚ್ಚರವಾಗದಿದ್ದರೆ, ಕತ್ತು ಬಿಗಿದಿದ್ದರೆ, ನೆತ್ತಿ ಉಬ್ಬಿದ್ದರೆ, ವಾಂತಿ ನಿಲ್ಲದಿದ್ದರೆ, ಒಂದೇ ಬದಿ ಜಗ್ಗಿದರೆ, ವಯಸ್ಸು ಆರು ತಿಂಗಳಿಗಿಂತ ಕಡಿಮೆಯಿದ್ದರೆ ಕಾಯದೆ ದೊಡ್ಡಾಸ್ಪತ್ರೆಗೆ ಹೋಗಬೇಕು. ಇನ್ನೊಂದು ಮಿತಿಯನ್ನೂ ಒಪ್ಪಬೇಕು. ಅರ್ಧ ಗಂಟೆ ಮೀರಿದ ಸೆಳವು ನಿರುಪದ್ರವಿಯಲ್ಲ. ಅಂಥ ಕೂಸುಗಳ ಸ್ಕ್ಯಾನಿನಲ್ಲಿ ಸುಮಾರು ಹತ್ತರಲ್ಲಿ ಒಂದಕ್ಕೆ, ನೆನಪಿಗೆ ಬೇಕಾದ ಮಿದುಳಿನ ಭಾಗದಲ್ಲಿ ಬಾವಿನ ಗುರುತು ಕಂಡಿದೆ. ಐದು ನಿಮಿಷದ ಗಡುವು ಇರುವುದೇ ಆ ಅರ್ಧ ಗಂಟೆ ಬಾರದಿರಲೆಂದು.

ಪ್ಯಾರಾಸಿಟಮಾಲ್ ತಪ್ಪದೆ ಕೊಟ್ಟಿದ್ದರೆ ಸೆಳವೇ ಬರುತ್ತಿರಲಿಲ್ಲ ಎಂದು ತಾಯಿಯನ್ನು ದೂರುವವರಿದ್ದಾರೆ. ಮುಂದಿನ ಜ್ವರಗಳಲ್ಲಿ ಸೆಳವು ಮರಳುವುದನ್ನು ಆ ಔಷಧಿ ತಡೆಯುತ್ತದೆಂದು ಪ್ರಯೋಗಗಳು ತೋರಿಸಿಲ್ಲ. ಕೂಸಿನ ಸಂಕಟ ಕಡಿಮೆ ಮಾಡಲು ಅದನ್ನು ಕೊಡಬೇಕು, ಅಷ್ಟೇ. ಎಷ್ಟೋ ಸಲ ಸೆಳವು ಬರುವುದೇ ಜ್ವರ ಇದೆಯೆಂದು ಮನೆಯವರಿಗೆ ತಿಳಿಯುವ ಮೊದಲು, ಹಾಗಾಗಿ ದೂರಿನಲ್ಲಿ ನ್ಯಾಯವಿಲ್ಲ. ಸೆಳವು ಬಂದ ಮೂರು ಕೂಸುಗಳಲ್ಲಿ ಒಂದಕ್ಕೆ ಅದು ಮತ್ತೆ ಬರುತ್ತದೆ, ಒಂದು ವರ್ಷ ತುಂಬುವ ಮೊದಲೇ ಬಂದಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಮಕ್ಕಳ ವೈದ್ಯರಲ್ಲಿ ಒಂದು ಕೇಳಿಕೆ: ಕೂಸನ್ನು ಮನೆಗೆ ಕಳಿಸುವಾಗ ಚೀಟಿಯ ಜೊತೆ ಐದು ನಿಮಿಷ ಕೊಡಿ, ಮಗ್ಗುಲಿಗೆ ಮಲಗಿಸುವುದನ್ನು ತಾಯಿಯ ಕೈಯಲ್ಲೇ ಮಾಡಿಸಿ ನೋಡಿ, ಸ್ಪ್ರೇ ಬೇಕಾದ ಮನೆಗೆ ಬರೆದುಕೊಡಿ.