ಕೆಎಲ್‌ಡಿ ಎಂಬ ಒಂದೇ ಅಂಕಿ

ಹೊಸೂರಿನ ಸುತ್ತಮುತ್ತ, ಬಾಗಲೂರು ರಸ್ತೆಯಲ್ಲಿಯೂ ಮತ್ತಿಗಿರಿಯ ಕಡೆಯಲ್ಲಿಯೂ ಎದ್ದು ನಿಂತಿರುವ ವಸತಿ ಸಮುಚ್ಚಯಗಳಲ್ಲಿ ಮಲಿನಜಲ ಶುದ್ಧೀಕರಣ ಸ್ಥಾವರದ ಗಾತ್ರವನ್ನು ಕೇಳಿದರೆ ದೊರೆಯುವ ಉತ್ತರ ಒಂದೇ ಅಂಕಿ: ಇಷ್ಟು ಕೆಎಲ್‌ಡಿ, ಅಂದರೆ ದಿನಕ್ಕೆ ಇಷ್ಟು ಸಾವಿರ ಲೀಟರು. ಅನುಮತಿಯ ಅರ್ಜಿಯಲ್ಲಿಯೂ ಅದೇ, ಗುತ್ತಿಗೆಯ ಕರಾರಿನಲ್ಲಿಯೂ ಅದೇ. ಸ್ಥಾವರವೊಂದರ ಸಮಗ್ರ ಸ್ವರೂಪವನ್ನು ಈ ಏಕಮಾತ್ರ ಅಂಕಿಯಿಂದ ನಿರ್ಣಯಿಸುವ ರೂಢಿಯನ್ನು ಇಲ್ಲಿ ಪರೀಕ್ಷಿಸಬೇಕೆಂದಿದ್ದೇನೆ. ಆ ಅಂಕಿ ಸುಳ್ಳೆಂದು ನನ್ನ ಆಕ್ಷೇಪವಲ್ಲ. ಅದು ಅಪೂರ್ಣವೆಂದೂ, ಆ ಅಪೂರ್ಣತೆಯ ಫಲವನ್ನು ನಿವಾಸಿಗಳು ಬಹುಕಾಲ ಉಣ್ಣಬೇಕಾಗುತ್ತದೆಂದೂ ನನ್ನ ಅಭಿಪ್ರಾಯ.

ಲೆಕ್ಕಕ್ಕಾಗಿ 240 ಮನೆಗಳ ಸಮುಚ್ಚಯವೊಂದನ್ನು ಕಲ್ಪಿಸಿಕೊಳ್ಳೋಣ. ಮನೆಗೆ ಐದು ಜನರಂತೆ 1,200 ಜನ; ತಲೆಗೆ ದಿನಕ್ಕೆ 135 ಲೀಟರು ನೀರು; ಅದರಲ್ಲಿ ಶೇಕಡಾ 80ರಷ್ಟು ಮಲಿನಜಲವಾಗಿ ಹಿಂದಿರುಗುತ್ತದೆಂದರೆ ದಿನಕ್ಕೆ ಸುಮಾರು 130 ಸಾವಿರ ಲೀಟರು. ಗುಣಾಕಾರದಲ್ಲಿ ದೋಷವಿಲ್ಲ. ಆದರೆ ಸ್ಥಾವರಕ್ಕೆ ಬರುವುದು ಬರಿಯ ನೀರಲ್ಲ. ಆ ನೀರಿನಲ್ಲಿ ಸೂಕ್ಷ್ಮಜೀವಿಗಳಿಗೆ ಆಹಾರವಾಗತಕ್ಕ ಕಶ್ಮಲವೂ ಇರುತ್ತದೆ. ಬಿಒಡಿ ಎಂಬ ಮಾನದಿಂದ ಅಳೆಯುವ ಈ ಕಶ್ಮಲವನ್ನು ಕೇಂದ್ರ ಸರ್ಕಾರದ 2013ರ ಒಳಚರಂಡಿ ಕೈಪಿಡಿಯು ತಲೆಗೆ ದಿನಕ್ಕೆ 27 ಗ್ರಾಮೆಂದು ಗ್ರಹಿಸುತ್ತದೆ. ನಲ್ಲಿಯನ್ನು ಬಿಗಿಮಾಡಿ ನೀರನ್ನು ಅರ್ಧಕ್ಕಿಳಿಸಿದರೂ ಈ 27 ಗ್ರಾಮು ಕಡಿಮೆಯಾಗದು. ಆದುದರಿಂದ ಲೀಟರಿನ ಲೆಕ್ಕ ಪೈಪಿಗೂ ಪಂಪಿಗೂ ಸಲ್ಲುತ್ತದೆ. ಏರೇಷನ್ ಟ್ಯಾಂಕಿಗೂ ಬ್ಲೋವರಿಗೂ ಬೇಕಾದುದು ಗ್ರಾಮಿನ ಲೆಕ್ಕ, ಎಂದರೆ ಜನರ ಲೆಕ್ಕ.

1,200 ಜನರಿಗೆ ದಿನಕ್ಕೆ 32 ಕಿಲೋಗ್ರಾಮಿನಷ್ಟು ಬಿಒಡಿ. ಟ್ಯಾಂಕಿನ ಪ್ರತಿ ಲೀಟರಿನಲ್ಲಿ 3.5 ಗ್ರಾಮು ಜೀವಂತ ಕೆಸರನ್ನು ಸಾಕಿ, ಪ್ರತಿ ಕಿಲೋಗ್ರಾಮು ಕೆಸರಿಗೆ ದಿನಕ್ಕೆ 120 ಗ್ರಾಮು ಆಹಾರವನ್ನು ಒದಗಿಸುವುದೆಂಬ ಮಿತವಾದ ಪ್ರಮಾಣವನ್ನು ಹಿಡಿದರೆ, 77 ಘನಮೀಟರಿನ ಏರೇಷನ್ ಟ್ಯಾಂಕು ಸಾಕು. ಆದರೆ ನಮ್ಮ ಸಮುಚ್ಚಯಗಳು ಒಂದೇ ದಿನದಲ್ಲಿ ತುಂಬುವುದಿಲ್ಲ. ಮೊದಲ ಕೆಲವು ವರ್ಷ 480 ಜನರಷ್ಟೇ ಇದ್ದರೆ ಆಹಾರ 13 ಕಿಲೋಗ್ರಾಮಿಗೆ ಇಳಿದು, ಕೆಸರಿಗೆ ದೊರೆಯುವ ಪಾಲು 120 ಗ್ರಾಮಿನಿಂದ 50 ಗ್ರಾಮಿನ ಒಳಗಾಗುತ್ತದೆ. ಹಸಿದ ಜೀವಿಗಳ ಗುಂಪು ಒಡೆದು, ಗುಂಡುಸೂಜಿಯ ತಲೆಯಷ್ಟು ಸಣ್ಣ ಕಣಗಳಾಗಿ, ತಳಕ್ಕೆ ಇಳಿಯದೆ ಶುದ್ಧಜಲದೊಡನೆಯೇ ಹರಿದುಹೋಗುತ್ತದೆ.

ಈ ಕೊರತೆಯ ಪರಂಪರೆಯನ್ನು ಹೊಸೂರಿನ ಒಂದು ಸಮುಚ್ಚಯದಲ್ಲಿ ಹತ್ತಿರದಿಂದ ಕಂಡೆನು. ನಿವಾಸಿಗಳ ದೂರು ಸ್ಥಾವರದ ಕುರಿತಾದುದಲ್ಲ. ಶೌಚಾಲಯದ ಫ್ಲಶ್ ಟ್ಯಾಂಕಿನ ನೀರು ಹಳದಿಯಾಗಿ ನಾರುತ್ತದೆಂಬುದು. ನಿರ್ವಾಹಕನು ಏರೇಷನ್ ಟ್ಯಾಂಕಿನ ನೀರನ್ನು ಒಂದು ಲೀಟರಿನ ಗಾಜಿನ ಜಾಡಿಗೆ ತುಂಬಿ ಮೆಟ್ಟಿಲ ಮೇಲಿಟ್ಟನು. ಅರ್ಧ ಗಂಟೆಯಲ್ಲಿ ಕೆಸರು ಜಾಡಿಯ ಕಾಲುಭಾಗಕ್ಕೆ ಇಳಿದು ಮೇಲಿನ ನೀರು ತಿಳಿಯಾಗಬೇಕು, ಕೆಸರು ಕಾಫಿಯ ಬಣ್ಣದ್ದಾಗಿರಬೇಕು. ಇಲ್ಲಿ ಇಳಿದ ಕೆಸರು ಬೂದು ಕಪ್ಪಾಗಿತ್ತು, ಮೇಲಿನ ನೀರು ಮಸಕಾಗಿತ್ತು. ಕೇಳಿದಾಗ, ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಬ್ಲೋವರನ್ನು ನಿಲ್ಲಿಸುವ ವಾಡಿಕೆ ಇದೆಯೆಂದು ತಿಳಿಯಿತು. ಅರ್ಧ ತುಂಬಿದ ಸಮುಚ್ಚಯಕ್ಕೆ ಪೂರ್ಣಗಾತ್ರದ ಬ್ಲೋವರಿನ ವಿದ್ಯುಚ್ಛಕ್ತಿಯ ಬಿಲ್ಲು ಭಾರವಾಗಿತ್ತು. ಗಾಳಿ ನಿಂತೊಡನೆ, ಅಮೋನಿಯವನ್ನು ನೈಟ್ರೇಟಾಗಿಸುವ ಸೂಕ್ಷ್ಮಜೀವಿಗಳ ಕೆಲಸವೇ ಮೊದಲು ನಿಲ್ಲುತ್ತದೆ. ಉಳಿದ ಅಮೋನಿಯ ಕೊನೆಯಲ್ಲಿ ಹಾಕಿದ ಕ್ಲೋರಿನನ್ನು ನುಂಗಿಬಿಡುತ್ತದೆ. ಕ್ಲೋರಿನ್ ಉಳಿಯದ ನೀರು ಮಹಡಿಯ ತೊಟ್ಟಿಯಲ್ಲಿ ಕೂತು ಕೊಳೆಯುತ್ತದೆ. ಹೀಗೆ ಎಂಟನೆಯ ಅಂತಸ್ತಿನ ದುರ್ಗಂಧದ ಮೂಲ ನೆಲಮಾಳಿಗೆಯ ಸ್ವಿಚ್ಚಿನಲ್ಲಿಯೂ, ಆ ಸ್ವಿಚ್ಚಿನ ಮೂಲ ಗಾತ್ರನಿರ್ಣಯದಲ್ಲಿಯೂ ಇತ್ತು.

ಹಾಗಾದರೆ ಬ್ಲೋವರಿನ ಗಾಳಿಯನ್ನಷ್ಟೇ ತಗ್ಗಿಸಬಾರದೆ? ಗಾಳಿಗೆ ಕೆಲಸ ಎರಡು: ಆಮ್ಲಜನಕವನ್ನು ಕೊಡುವುದೊಂದು, ಕೆಸರು ತಳ ಹಿಡಿಯದಂತೆ ಕಲಕುವುದಿನ್ನೊಂದು. ಅಮೋನಿಯದ ಪಾಲನ್ನೂ ಸೇರಿಸಿ ಒಂದು ಕಿಲೋಗ್ರಾಮು ಬಿಒಡಿಗೆ ಎರಡು ಕಿಲೋಗ್ರಾಮು ಆಮ್ಲಜನಕವೆಂದೂ, ಸಣ್ಣ ಗುಳ್ಳೆಯ ಡಿಫ್ಯೂಸರಿನಿಂದ ಊದಿದ ಆಮ್ಲಜನಕದ ಹತ್ತನೆಯ ಒಂದು ಪಾಲು ಮಾತ್ರ ನೀರಿಗೆ ಇಳಿಯುವುದೆಂದೂ ಎಣಿಸಿದರೆ, 1,200 ಜನರಿಗೆ ಗಂಟೆಗೆ ಸುಮಾರು 110 ಘನಮೀಟರು, 480 ಜನರಿಗೆ 45 ಘನಮೀಟರು ಗಾಳಿ ಬೇಕು. ಆದರೆ 77 ಘನಮೀಟರಿನ ಟ್ಯಾಂಕನ್ನು ಕಲಕಲಿಕ್ಕೇ 90ಕ್ಕೂ ಹೆಚ್ಚು ಬೇಕಾಗುತ್ತದೆ. ಜನ ಕಡಿಮೆಯಾದರೂ ಗಾಳಿ ಕಡಿಮೆಯಾಗದು. ಪರಿಹಾರವೆಂದರೆ ಟ್ಯಾಂಕನ್ನು ನಡುಗೋಡೆಯಿಂದ ಸಮನಾದ ಎರಡು ಭಾಗಗಳಾಗಿ ಕಟ್ಟಿ, ಪ್ರತಿಯೊಂದಕ್ಕೂ ಸಣ್ಣ ಬ್ಲೋವರನ್ನಿಟ್ಟು, ಮೂರನೆಯದೊಂದನ್ನು ಆಪತ್ತಿಗೆ ಇರಿಸಿ, ಜನ ತುಂಬುವವರೆಗೆ ಒಂದೇ ಭಾಗವನ್ನು ನಡೆಸುವುದು. ಇಲ್ಲಿ ಸ್ಥಳದ ಗುಣವೂ ಒಂದಿದೆ: ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಇಲ್ಲಿಯ ಗಾಳಿ ಚೆನ್ನೈಯ ಗಾಳಿಗಿಂತ ಹತ್ತರಲ್ಲೊಂದು ಪಾಲು ತೆಳುವಾದುದು. ಕರಾವಳಿಯ ನಕ್ಷೆಯನ್ನು ಇಲ್ಲಿಗೆ ಹಾಗೆಯೇ ತಂದರೆ ಆ ಒಂದು ಪಾಲು ಆಮ್ಲಜನಕ ಮೊದಲ ದಿನವೇ ಕೊರತೆಯಾಗುತ್ತದೆ.

ದಿನದ ಅಂಕಿಯು ಮರೆಮಾಡುವ ಇನ್ನೊಂದು ಸಂಗತಿ ಗಂಟೆ. ಬೆಳಗ್ಗೆ ಆರರಿಂದ ಹತ್ತರೊಳಗೆ ದಿನದ ನೀರಿನ ಶೇಕಡಾ 40ರಷ್ಟು ನುಗ್ಗಬಹುದು. ನಮ್ಮ ಲೆಕ್ಕದಲ್ಲಿ 52 ಘನಮೀಟರು. ಅದೇ ನಾಲ್ಕು ಗಂಟೆಗಳಲ್ಲಿ ಸಮಗತಿಯ ಪಂಪು ಮುಂದೆ ಕಳುಹಿಸುವುದು ಸುಮಾರು 22 ಘನಮೀಟರು. ಉಳಿದ 30 ಘನಮೀಟರನ್ನು ತಡೆದಿಡುವುದೇ ಈಕ್ವಲೈಸೇಶನ್ ಟ್ಯಾಂಕಿನ ಧರ್ಮ. 40ರ ಟ್ಯಾಂಕಿದ್ದು, ಬೆಳಗಿನ ಐದಕ್ಕೆ ಅದು ಬರಿದಾಗಿರಬೇಕು. ಆದರೆ ಕೊಳಚೆಯ ಕಸ ಸಿಕ್ಕದಂತಹ ಪಂಪು ಗಂಟೆಗೆ 5 ಘನಮೀಟರಿನಷ್ಟು ಚಿಕ್ಕದಾಗಿ ದೊರೆಯುವುದು ಕಷ್ಟವಾದುದರಿಂದ ಗುತ್ತಿಗೆದಾರನು 15ರದನ್ನು ಕೂರಿಸುತ್ತಾನೆ. ಅದು ಚಾಲೂ ಆದಾಗಲೆಲ್ಲ ನೀರು ಮುಂದಿನ ತಿಳಿಗೊಳಿಸುವ ತೊಟ್ಟಿಯಿಂದ ಕೆಸರನ್ನು ಕೊಚ್ಚಿಕೊಂಡು ಹೋಗುತ್ತದೆ. ಹೆಚ್ಚಿನ ನೀರನ್ನು ಅದೇ ಟ್ಯಾಂಕಿಗೆ ಹಿಂದಿರುಗಿಸುವ ಒಂದು ಪೈಪು, ಅದಕ್ಕೊಂದು ವಾಲ್ವು, ಇಷ್ಟೇ ಇದರ ಚಿಕಿತ್ಸೆ.

ಕಡೆಯದಾಗಿ ಪುನರ್ಬಳಕೆಯ ಮಾತು. 135 ಲೀಟರಿನಲ್ಲಿ ಫ್ಲಶ್ಶಿಗೆ 45 ಸಲ್ಲುತ್ತದೆ. 1,200 ಜನರಿಗೆ ದಿನಕ್ಕೆ 54 ಸಾವಿರ ಲೀಟರು. ಇದರಿಂದ ಹೊಸ ನೀರಿನ ಅಗತ್ಯ ಮೂರನೆಯ ಒಂದು ಭಾಗ ತಗ್ಗುತ್ತದೆ; ಕೊಳವೆಬಾವಿ ಬತ್ತಿದಾಗ ಟ್ಯಾಂಕರನ್ನು ಕಾಯುವ ಊರಿಗೆ ಇದು ಸಣ್ಣ ಲಾಭವಲ್ಲ. ಆದರೆ ಫ್ಲಶ್ ನೀರು ಸ್ಥಾವರಕ್ಕೇ ಮರಳುವುದರಿಂದ ಮಲಿನಜಲದ ಮೊತ್ತ ಕಿಂಚಿತ್ತೂ ಇಳಿಯದು. ತೋಟಕ್ಕೆ 15 ಸಾವಿರ ಹೋದರೂ, ಸುಮಾರು 60 ಸಾವಿರ ಲೀಟರು ದಿನವೂ ಉಳಿಯುತ್ತದೆ. ಈ ಉಳಿಕೆಗೆ ಹಾದಿ ತೋರಿಸದ ನಕ್ಷೆಯ ನೀರು ರಾತ್ರಿಯಲ್ಲಿ ಮಳೆನೀರ ಚರಂಡಿಯನ್ನು ಹಿಡಿದು ಕೆರೆಗೆ ಸೇರುತ್ತದೆ. ಅಂತೆಯೇ ಫ್ಲಶ್ ನೀರು ಸಾಲದ ದಿನ ಹೊಸ ನೀರನ್ನು ಸೇರಿಸುವುದಾದರೆ ಅದು ತೊಟ್ಟಿಯ ಮೇಲಿನಿಂದ, ನಡುವೆ ತೆರಪಿರುವಂತೆ ಸುರಿಯತಕ್ಕದ್ದು. ಎರಡು ಪೈಪುಗಳನ್ನು ವಾಲ್ವಿನಿಂದ ಜೋಡಿಸಿದಲ್ಲಿ ಆ ವಾಲ್ವು ಸೋರಿದ ದಿನ ಅಡಿಗೆಮನೆಯ ನಲ್ಲಿಗೂ ಕೊಳೆನೀರು ಬರಬಹುದು.

ಬೆಂಗಳೂರಿನ ಕೊಳೆಯನ್ನು ಹೊತ್ತ ದಕ್ಷಿಣ ಪಿನಾಕಿನಿಯು ಕೆಲವರಪಲ್ಲಿ ಜಲಾಶಯದಲ್ಲಿ ನೊರೆಯಾಗಿ ಉಕ್ಕುವುದನ್ನು ಹೊಸೂರಿನವರು ಕಂಡು ನೊಂದವರು. ತಮ್ಮ ಮೇಲಿನ ಊರಿನವರಿಂದ ಅವರು ಅಪೇಕ್ಷಿಸುವ ಎಚ್ಚರವನ್ನು, ಕೆಳಗಿನ ಕೆರೆಯ ಸಲುವಾಗಿ ತಮ್ಮ ಸಮುಚ್ಚಯಗಳಲ್ಲಿಯೂ ತೋರಬೇಕಾಗಿದೆ. ಅದಕ್ಕೆ ಅರ್ಜಿಯಲ್ಲಿ ಕೆಎಲ್‌ಡಿಯ ಅಂಕಿಯ ಕೆಳಗೆ ಇನ್ನು ಮೂರು ಸಾಲುಗಳಿದ್ದರೆ ಸಾಕು: ಅರ್ಧ ಜನರಿದ್ದಾಗ ಯಾವ ಟ್ಯಾಂಕು ನಡೆಯುತ್ತದೆ, ಬೆಳಗಿನ ನಾಲ್ಕು ಗಂಟೆಗಳ ನೀರು ಎಲ್ಲಿ ನಿಲ್ಲುತ್ತದೆ, ಫ್ಲಶ್ಶಿಗೆ ಬೇಡವಾದ ನೀರು ಎಲ್ಲಿಗೆ ಹೋಗುತ್ತದೆ.