ವೈವಾದ ಮೊದಲ ಎರಡು ನಿಮಿಷ

ಮಹಾರಾಷ್ಟ್ರದ ಗಡಿ ತಾಲೂಕುಗಳಾದ ಉಮರ್ಗಾ, ನಿಲಂಗಾ, ಉದಗೀರ್ ಕಡೆಯ ಸಂಶೋಧನಾರ್ಥಿಗಳು ಪಿಎಚ್.ಡಿ. ಮೌಖಿಕ ಪರೀಕ್ಷೆಯಲ್ಲಿ ತಮ್ಮನ್ನು ಪರಿಚಯಿಸಿಕೊಳ್ಳುವ ರೀತಿಗೆ ಒಂದು ಅಚ್ಚು ಬಿದ್ದುಹೋಗಿದೆ. ಊರು, ತಂದೆ-ತಾಯಿ, ಓದಿದ ಶಾಲೆ, ಬಡತನ, ಮಾರ್ಗದರ್ಶಕರ ಉಪಕಾರ, ಆಮೇಲೆ ಒಂದು ಕ್ಷಮಾಪಣೆ: ‘ನಾನು ಮರಾಠಿ ಮಾಧ್ಯಮದವನು, ನನ್ನ ಕನ್ನಡದಲ್ಲಿ ತಪ್ಪಿದ್ದರೆ ಮನ್ನಿಸಬೇಕು.’ ಕೃತಜ್ಞತೆಯಲ್ಲಿ ತಪ್ಪೇನಿಲ್ಲ, ಅದಕ್ಕೆ ಮಹಾಪ್ರಬಂಧದ ಮೊದಲ ಪುಟಗಳಲ್ಲಿ ಜಾಗವಿದೆ. ಆ ಕ್ಷಮಾಪಣೆಯನ್ನು ಮಾತ್ರ ನಾನು ಒಪ್ಪಲಾರೆ. ಗಡಿಯ ವಿದ್ಯಾರ್ಥಿಯ ದೊಡ್ಡ ಅರ್ಹತೆಯನ್ನೇ ಅದು ಕೊರತೆಯೆಂದು ಒಪ್ಪಿಸಿಬಿಡುತ್ತದೆ.

ಯುಜಿಸಿಯ ನಿಯಮದ ಪ್ರಕಾರ ಈ ಪರೀಕ್ಷೆ ಬಹಿರಂಗವಾದದ್ದು. ವಿಭಾಗದ ಅಧ್ಯಾಪಕರು, ಇತರ ಸಂಶೋಧನಾರ್ಥಿಗಳು ಬಂದು ಕೂರಬಹುದು. ಪರೀಕ್ಷಕರ ವರದಿಯಲ್ಲಿನ ಟೀಕೆಗಳೂ ಚರ್ಚೆಗೆ ಆಧಾರವಾಗುತ್ತವೆ. ಅಂದರೆ ಬಾಹ್ಯ ಪರೀಕ್ಷಕರು ಪ್ರಬಂಧವನ್ನು ಓದಿ, ಕೇಳಬೇಕಾದದ್ದನ್ನು ಗುರುತು ಹಾಕಿಕೊಂಡೇ ಬಂದಿರುತ್ತಾರೆ. ಇಂಥವರ ಮುಂದೆ ಅಧ್ಯಾಯಗಳ ಪಟ್ಟಿ ಓದುವುದರಿಂದ ಏನೂ ಸಿಗದು. ಈ ಪ್ರಶ್ನೆ ಈ ವ್ಯಕ್ತಿಗೆ ಯಾಕೆ ಹುಟ್ಟಿತು, ಸಾಮಗ್ರಿ ಎಲ್ಲಿಂದ ಬಂತು, ಅದರ ಮಿತಿ ಯಾವುದು ಎಂಬುದಷ್ಟೇ ಅವರಿಗೆ ಬೇಕು.

ಒಂದು ಉದಾಹರಣೆ ಕಟ್ಟಿ ನೋಡೋಣ. ನಿಲಂಗಾ ತಾಲೂಕಿನ ಒಬ್ಬ ಯುವಕ ಈ ಮೂರು ತಾಲೂಕುಗಳ ಕನ್ನಡ-ಮರಾಠಿ ದ್ವಿಭಾಷಿಕತೆಯ ಮೇಲೆ ಪ್ರಬಂಧ ಬರೆದಿದ್ದಾನೆ ಎಂದುಕೊಳ್ಳಿ. ಅವನು ಹೀಗೆ ಶುರುಮಾಡಬಹುದು:

‘ಮಾನ್ಯ ಅಧ್ಯಕ್ಷರೆ, ಪರೀಕ್ಷಕರೆ, ನಮಸ್ಕಾರ. ನಮ್ಮ ಮನೆಯ ಮಾತು ಕನ್ನಡ, ಶಾಲೆಯದು ಮರಾಠಿ. ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳ ಶಬ್ದಗಳು ಬೇರೆಯಾಗಿ ಉಳಿದರೂ ವಾಕ್ಯರಚನೆ ಒಂದಕ್ಕೊಂದು ಹತ್ತಿರವಾಗಿದೆ ಎಂದು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ತೋರಿಸಿದರು. ನಮ್ಮ ಕಡೆಯೂ ಹಾಗೆ ಆಗಿದೆಯೇ ಎಂಬುದು ನನ್ನ ಪ್ರಶ್ನೆ. ಮನೆಗಳಲ್ಲೂ ಸಂತೆಯಲ್ಲೂ ಮಾತು ಧ್ವನಿಮುದ್ರಿಸಿಕೊಂಡು, ನಿರ್ಜೀವ ವಸ್ತುಗಳ ಲಿಂಗವನ್ನು ಮುಖ್ಯವಾಗಿ ಪರಿಶೀಲಿಸಿದ್ದೇನೆ. ನಾನು ಇದೇ ಮಾತಿನವನಾದ್ದರಿಂದ ಮನೆಯೊಳಗಿನ ಮಾತು ಸಿಕ್ಕಿತು. ಅದೇ ಕಾರಣಕ್ಕೆ ಕೆಲವು ರೂಪಗಳು ನನ್ನ ಕಿವಿಗೆ ಬೀಳದೆ ಹೋಗುವ ಅಪಾಯವೂ ಇತ್ತು. ಅದಕ್ಕಾಗಿ ಮರಾಠಿ ಬಾರದ ಕನ್ನಡಿಗರೊಬ್ಬರಿಂದ ಧ್ವನಿಮುದ್ರಣಗಳನ್ನು ಮತ್ತೆ ಕೇಳಿಸಿದ್ದೇನೆ.’

ಇಷ್ಟು ಹೇಳಲು ಎರಡು ನಿಮಿಷವೂ ಬೇಕಿಲ್ಲ. ಇಲ್ಲಿರುವ ವೈಯಕ್ತಿಕ ಸಂಗತಿ ಎರಡೇ, ಮನೆಮಾತು ಮತ್ತು ಶಾಲೆಯ ಮಾತು. ಎರಡೂ ವಿಧಾನಕ್ಕೆ ನೇರವಾಗಿ ಸಂಬಂಧಪಟ್ಟವು. ಮರಾಠಿ ಮಾಧ್ಯಮ ಈಗ ಕ್ಷಮೆ ಕೇಳುವ ವಿಷಯವಾಗಿ ಉಳಿದಿಲ್ಲ. ಮರಾಠಿಯಲ್ಲಿ ‘ಭಿಂತ’ ಎಂಬ ಗೋಡೆ ಸ್ತ್ರೀಲಿಂಗ, ಕನ್ನಡದ ಗೋಡೆ ನಪುಂಸಕ. ಎರಡು ಭಾಷೆಯಾಡುವವರ ಬಾಯಲ್ಲಿ ಈ ಭೇದ ಎಲ್ಲಿ ಅಳಿಸುತ್ತದೆ ಎಂದು ಹಿಡಿಯಲು ಎರಡೂ ಕಿವಿ ಬೇಕು.

ಇಂಥ ಪರಿಚಯ ಪ್ರಶ್ನೆಗಳನ್ನೂ ಕರೆಯುತ್ತದೆ, ಅದೇ ಅದರ ಗುಣ. ಮೂರೇ ತಾಲೂಕು ಯಾಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 1956ರವರೆಗೆ ನಿಲಂಗಾ ಮತ್ತು ಉದಗೀರ್ ಬೀದರ್ ಜಿಲ್ಲೆಯಲ್ಲಿದ್ದವು, ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯಲ್ಲಿತ್ತು. ಇಂದಿಗೂ ಉಮರ್ಗಾದ ಕಾಲೇಜುಗಳು ಸಂಭಾಜಿನಗರದ ವಿಶ್ವವಿದ್ಯಾಲಯಕ್ಕೆ ಸೇರಿವೆ, ಉಳಿದೆರಡು ಊರಿನವು ನಾಂದೇಡಿನದಕ್ಕೆ. ಆದ್ದರಿಂದ ‘ಇವು ಮೊದಲು ಒಂದೇ ಜಿಲ್ಲೆಯಲ್ಲಿದ್ದವು’ ಎನ್ನುವ ಸುಲಭದ ಉತ್ತರ ನಿಲ್ಲುವುದಿಲ್ಲ. ಬೀದರ್ ಜಿಲ್ಲೆಯಲ್ಲಿದ್ದ ಭಾಗಕ್ಕೂ ಇಲ್ಲದ ಭಾಗಕ್ಕೂ ಮಾತಿನಲ್ಲಿ ವ್ಯತ್ಯಾಸವಿದೆಯೇ ಎಂದು ಹೋಲಿಸಿದ್ದೇನೆ ಎಂದರೆ ಮಾತ್ರ ಆಯ್ಕೆಗೆ ಕಾರಣ ಸಿಕ್ಕಂತೆ. ಹೋಲಿಸಿರದಿದ್ದರೆ ಅದನ್ನು ಮಿತಿಯೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಆತ್ಮವಿಶ್ವಾಸ ಹದ ಮೀರುವ ಜಾಗವೂ ಒಂದಿದೆ. ‘ನಾನು ಅಲ್ಲಿಯವನೇ, ನನಗೆ ಗೊತ್ತು’ ಎಂಬ ಮಾತು ಸಭಿಕರಿಂದ ಚಪ್ಪಾಳೆ ತರಬಹುದು, ಪುರಾವೆಯಾಗದು. ಊರವನಾಗಿರುವುದರಿಂದ ಬಾಗಿಲು ತೆರೆಯುತ್ತದೆ. ಒಳಗೆ ಕಂಡದ್ದನ್ನು ಇನ್ನೊಬ್ಬರೂ ಪರಿಶೀಲಿಸುವಂತೆ ಇಡಬೇಕಾದವನು ಸಂಶೋಧಕ. ಪರಿಚಯ ಎಡವಿದೆಯೋ ಇಲ್ಲವೋ ತಿಳಿಯಲು ಮೊದಲ ಪ್ರಶ್ನೆಯನ್ನು ಗಮನಿಸಿದರೆ ಸಾಕು. ಪರೀಕ್ಷಕರು ‘ಇರಲಿ, ನಿಮ್ಮ ಸಮಸ್ಯೆ ಏನು ಹೇಳಿ’ ಎಂದರೆ ಅಷ್ಟುಹೊತ್ತು ಆಡಿದ್ದು ವ್ಯರ್ಥ. ‘ಆ ಧ್ವನಿಮುದ್ರಣಗಳಲ್ಲಿ ಹೆಂಗಸರ ಮಾತು ಎಷ್ಟಿದೆ?’ ಎಂದು ಕೇಳಿದರೆ ಪರೀಕ್ಷೆ ಸರಿಯಾದ ಜಾಗದಲ್ಲೇ ಶುರುವಾಗಿದೆ.

ಮಾರ್ಗದರ್ಶಕರಲ್ಲಿ ನನ್ನ ಕೋರಿಕೆ ಒಂದೇ. ವಿದ್ಯಾರ್ಥಿಯ ಪರಿಚಯವನ್ನು ಪರೀಕ್ಷೆಯ ಮುನ್ನಾದಿನ ಒಮ್ಮೆ ಬಾಯಲ್ಲಿ ಹೇಳಿಸಿ ಕೇಳಿ. ಕ್ಷಮೆ ಕೇಳುವ ಆ ವಾಕ್ಯ ಬಂದರೆ ಅಲ್ಲೇ ತೆಗೆಸಿಬಿಡಿ.