ಇಪ್ಪತ್ತು ನಿಮಿಷಗಳ ವಿವೇಕ: ಒಂದು ಅಪಘಾತ ಟಿಪ್ಪಣಿಯ ವಿಮರ್ಶೆ

ತುರ್ತು ಚಿಕಿತ್ಸೆಯ ತರಬೇತಿಯಲ್ಲಿ ಮಾದರಿಯೆಂದು ಓದಿಸುವ, ಹೆಸರು ಊರುಗಳಿಲ್ಲದ ಒಂದು ಪುಟದ ಟಿಪ್ಪಣಿಯನ್ನು ಇಲ್ಲಿ ಪರಿಶೀಲನೆಗೆ ತೆಗೆದುಕೊಂಡಿದ್ದೇನೆ. ಕಬ್ಬು ಹೇರಿಕೊಂಡು ಹಿಂಬದಿಯ ದೀಪವಿಲ್ಲದೆ ಹೋಗುತ್ತಿದ್ದ ಟ್ರ್ಯಾಕ್ಟರಿನ ಟ್ರೈಲರಿಗೆ ರಾತ್ರಿಯ ಹೊತ್ತು ಬೈಕು ಗುದ್ದಿ, ಅದನ್ನು ನಡೆಸುತ್ತಿದ್ದ 26 ವರ್ಷದ ತರುಣನೂ ಹಿಂದೆ ಕುಳಿತಿದ್ದ 40 ವರ್ಷದ ಅವನ ಸೋದರಮಾವನೂ 21:10ಕ್ಕೆ ತಾಲೂಕು ಆಸ್ಪತ್ರೆಗೆ ಬಂದಿದ್ದಾರೆ. ಆ ರಾತ್ರಿ ಅಲ್ಲಿ ಶಸ್ತ್ರವೈದ್ಯರಿಲ್ಲ, ರಕ್ತನಿಧಿಯಿಲ್ಲ. ಜಿಲ್ಲಾಸ್ಪತ್ರೆಗೆ ಒಯ್ಯಲು ದೊರೆಯಬಹುದಾದ 108 ವಾಹನ ಒಂದೇ, ಅದರಲ್ಲಿ ಮಲಗಿಸಿ ಸಾಗಿಸಬಹುದಾದುದು ಒಬ್ಬನನ್ನೇ. ಇಬ್ಬರಲ್ಲಿ ಮೊದಲು ಹೊರಡಬೇಕಾದವನು ಯಾರು ಎಂಬ ಪ್ರಶ್ನೆಗೆ ಕರ್ತವ್ಯದ ವೈದ್ಯೆ ಕೊಟ್ಟ ಉತ್ತರವೂ ಆ ಉತ್ತರಕ್ಕೆ ಒದಗಿಸಿದ ಕಾರಣವೂ ಈ ಪುಟದ ಸಾರ.

ಕಣ್ಣಿಗೂ ಕಿವಿಗೂ ತೀರ್ಪನ್ನು ಒಪ್ಪಿಸಿದ್ದರೆ ಮಾವನೇ ಮೊದಲು ಹೊರಡಬೇಕಾಗಿತ್ತು. ಅವನ ಮೊಣಕಾಲಿನ ಕೆಳಗೆ ಮೂಳೆ ಮುರಿದು ಚರ್ಮವನ್ನು ಸೀಳಿ ಹೊರಬಂದಿದೆ, ಪಂಚೆ ರಕ್ತದಲ್ಲಿ ತೊಯ್ದಿದೆ, ಆರ್ತನಾದ ವಾರ್ಡನ್ನೇ ತುಂಬಿದೆ. ತರುಣನಾದರೋ ಎದ್ದು ಕುಳಿತು, ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟು, "ನಂಗೇನೂ ಆಗಿಲ್ಲ, ಮಾವನ್ನ ನೋಡಿ" ಎಂದು ಹೇಳಿ ಕುಡಿಯಲು ನೀರು ಬೇಡುತ್ತಾನೆ. ಟಿಪ್ಪಣಿಕಾರಳ ಮೊದಲ ಗುಣ, ಈ ನೀರಡಿಕೆಯನ್ನು ಕ್ಷುಲ್ಲಕವೆಂದು ಬಿಡದೆ, ಹೊತ್ತಿನೊಡನೆ ಬರೆದುಕೊಂಡದ್ದು. ಅದರ ಕೆಳಗೇ ಇನ್ನೊಂದು ಸಾಲಿದೆ: "ಎಡ ಭುಜದ ತುದಿಯಲ್ಲಿ ನೋವು, ಭುಜವನ್ನು ಒತ್ತಿದರೆ, ಆಡಿಸಿದರೆ ನೋವಿಲ್ಲ. ಎಡಗಡೆಯ 9, 10ನೆಯ ಪಕ್ಕೆಲುಬುಗಳ ಮೇಲೆ ಒತ್ತಿದರೆ ನೋವು." ಪೆಟ್ಟು ಬೀಳದ ಭುಜ ನೋಯುವುದಕ್ಕೆ ಕಾರಣ ಭುಜದಲ್ಲಿರುವುದಿಲ್ಲ. ಆ ಪಕ್ಕೆಲುಬುಗಳ ಮರೆಯಲ್ಲಿರುವ ಗುಲ್ಮವು ಒಡೆದು ರಕ್ತ ಸೋರಿ ವಪೆಯನ್ನು ಕೆಣಕಿದಾಗ, ವಪೆಯ ನರವೂ ಭುಜದ ಚರ್ಮದ ನರಗಳೂ ಕತ್ತಿನ ಅದೇ ಬೇರುಗಳಿಂದ ಹೊರಟವಾದುದರಿಂದ, ರೋಗಿಗೆ ನೋವು ಭುಜದಲ್ಲಿದ್ದಂತೆ ತೋರುತ್ತದೆ.

ಇನ್ನು ಅಂಕಿಗಳು. ತರುಣನ ನಾಡಿ 21:12ಕ್ಕೆ 102, ರಕ್ತದೊತ್ತಡ 120/84. 21:22ಕ್ಕೆ ನಾಡಿ 114, ಒತ್ತಡ 116/88. 21:32ಕ್ಕೆ ನಾಡಿ 126, ಒತ್ತಡ 108/86, ಅಂಗೈ ತಣ್ಣಗೆ, ಹಣೆಯಲ್ಲಿ ಬೆವರು. ಇವುಗಳಲ್ಲಿ ಮೇಲಿನ ಒತ್ತಡವನ್ನಷ್ಟೇ ಬಿಡಿಯಾಗಿ ಓದಿದರೆ ಭಯಪಡುವಂಥದು ಏನೂ ಇಲ್ಲ. ಮೇಲಿನ ಒತ್ತಡವು 90ಕ್ಕಿಂತ ಕೆಳಗಿಳಿದರೆ ಮಾತ್ರ ಕೆಂಪು ಚೀಟಿ ಎಂಬ ನಿಯಮವನ್ನೇ ನೆಚ್ಚಿಕೊಂಡಿದ್ದ ಶುಶ್ರೂಷಕನು ಈ ರೋಗಿಗೆ ಮೂರು ಸಲವೂ ಹಳದಿ ಚೀಟಿಯನ್ನೇ ಕಟ್ಟುತ್ತಿದ್ದನು. ಆದರೆ ಮೇಲಿನ ಅಂಕಿಗೂ ಕೆಳಗಿನ ಅಂಕಿಗೂ ಇರುವ ಅಂತರ ಕ್ರಮವಾಗಿ 36, 28, 22 ಎಂದು ಕುಗ್ಗುತ್ತ ಬಂದಿರುವುದನ್ನು ವೈದ್ಯೆ ಅಂಚಿನಲ್ಲಿ ಪ್ರತ್ಯೇಕವಾಗಿ ಬರೆದಿದ್ದಾಳೆ. ರಕ್ತ ಕಡಿಮೆಯಾದಂತೆ ಹೃದಯವು ಒಂದು ಬಡಿತಕ್ಕೆ ಹೊರದೂಡುವ ಪ್ರಮಾಣ ಇಳಿಯುತ್ತದೆ. ಅದನ್ನು ಸರಿದೂಗಿಸಲು ನಾಡಿ ಏರುತ್ತದೆ, ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಆ ಬಿಗಿತದಿಂದ ಕೆಳಗಿನ ಅಂಕಿಯು ಮೊದಮೊದಲು ಮೇಲೇರುತ್ತದೆ. ಆರೋಗ್ಯವಂತ ತರುಣನ ದೇಹವು ಈ ಉಪಾಯದಿಂದ ಸುಮಾರು ಮೂರನೆಯ ಒಂದು ಪಾಲು ರಕ್ತ, ಎಂದರೆ ಒಂದೂವರೆ ಲೀಟರಿನಷ್ಟು, ಹೋಗುವವರೆಗೂ ಮೇಲಿನ ಒತ್ತಡವನ್ನು ಹೆಚ್ಚುಕಡಿಮೆ ಕಾಪಾಡಿಕೊಂಡಿರಬಲ್ಲುದು. ಅನಂತರದ ಪತನ ಮಾತ್ರ ಕ್ಷಿಪ್ರವಾದುದು.

ಆದ್ಯತೆಯ ನಿರ್ಣಯ 21:34ರದು, ಅದನ್ನು ಪೂರ್ತಿಯಾಗಿಯೇ ಓದಬೇಕು: "ತರುಣ, ಕೆಂಪು: ಹೊಟ್ಟೆಯೊಳಗೆ ರಕ್ತಸ್ರಾವವೆಂದು ಭಾವಿಸಿದೆ, ಅದನ್ನು ನಿಲ್ಲಿಸುವ ಸಾಧನ ಇಲ್ಲಿಲ್ಲ. ಮಾವ, ಹಳದಿ: ಒತ್ತುಪಟ್ಟಿಯಿಂದ ರಕ್ತ ನಿಂತಿದೆ, ಪಾದದ ನಾಡಿ ಸಿಗುತ್ತಿದೆ, ನೋವಿಗೆ ಮದ್ದು ಕೊಟ್ಟ ಮೇಲೆ ನಾಡಿ 108ರಿಂದ 92ಕ್ಕೆ ಇಳಿದಿದೆ. ಹತ್ತು ನಿಮಿಷಕ್ಕೊಮ್ಮೆ ನೋಡುವುದು. ಪಾದ ತಣ್ಣಗಾದರೆ ಅಥವಾ ನಾಡಿ 110 ದಾಟಿದರೆ ಈ ನಿರ್ಣಯ ರದ್ದು." ಪಕ್ಷಪ್ರತಿಪಕ್ಷಗಳೆರಡನ್ನೂ ಇಷ್ಟು ಮಿತವಾದ ಮಾತಿನಲ್ಲಿ ಹಿಡಿದಿಟ್ಟ ಬರವಣಿಗೆ ಅಪರೂಪ. ಗಾಯದ ಘೋರತೆಯನ್ನು ಅಳೆಯದೆ, ಕಾಯುವುದರಿಂದ ಯಾರಿಗೆ ಹೆಚ್ಚು ಹಾನಿ, ಇಲ್ಲಿಯೇ ಪರಿಹರಿಸಬಹುದಾದುದು ಯಾವುದು ಎಂಬುದನ್ನು ಅದು ಅಳೆಯುತ್ತದೆ. ತನ್ನನ್ನು ಸುಳ್ಳಾಗಿಸಬಲ್ಲ ಲಕ್ಷಣವನ್ನು ತಾನೇ ಹೆಸರಿಸಿ, ಪಾಳಿ ಬದಲಾದ ಮೇಲೆ ಬರುವ ಅಪರಿಚಿತ ವೈದ್ಯನ ಕೈಗೂ ಅಳತೆಗೋಲನ್ನು ಕೊಟ್ಟುಹೋಗುತ್ತದೆ. ಅಪಘಾತವಾದ ಹೊತ್ತನ್ನು "ಸುಮಾರು 20:40, ಟ್ರ್ಯಾಕ್ಟರ್ ಚಾಲಕ ಹೇಳಿದಂತೆ" ಎಂದು, ಹೇಳಿದವನೊಡನೆ ದಾಖಲಿಸಿರುವುದೂ ಪ್ರಶಂಸನೀಯ. ಏಕೆಂದರೆ ರಕ್ತಸ್ರಾವವನ್ನು ತಗ್ಗಿಸಲು ಕೊಡುವ ಟ್ರಾನೆಕ್ಸಾಮಿಕ್ ಆಮ್ಲವು ಪೆಟ್ಟು ಬಿದ್ದ ಮೂರು ಗಂಟೆಗಳೊಳಗೆ ಕೊಟ್ಟರೆ ಮಾತ್ರ ಹಿತಕಾರಿ. ಆ ಗಡುವನ್ನು ಆಸ್ಪತ್ರೆಯ ಬಾಗಿಲಿನಿಂದಲ್ಲ, ರಸ್ತೆಯಿಂದ ಎಣಿಸಬೇಕಾಗುತ್ತದೆ.

ಇಂತಹ ಟಿಪ್ಪಣಿಯಲ್ಲಿಯೂ ಎರಡು ದೋಷಗಳಿವೆ. ಮೊದಲನೆಯದು ಉಸಿರಾಟದ ಅಂಕಿ. ನಾಡಿ ಇಪ್ಪತ್ತನಾಲ್ಕು ಬಡಿತಗಳಷ್ಟು ಏರಿದ ಅವಧಿಯಲ್ಲಿ ಉಸಿರು ಮೂರು ಸಲವೂ 22 ಎಂದೇ ಬರೆದಿದೆ. ಯಂತ್ರವು ತಾನಾಗಿ ತೋರಿಸುವ ಅಂಕಿಗಳು ಬದಲಾಗುತ್ತಿರುವಾಗ, ಮನುಷ್ಯನು ಎದೆಯನ್ನು ನೋಡುತ್ತ ನಿಂತು ಎಣಿಸಬೇಕಾದ ಅಂಕಿಯೊಂದೇ ಕದಲದೆ ನಿಂತಿದ್ದರೆ, ಅದು ಒಮ್ಮೆ ಎಣಿಸಿ ಎರಡು ಸಲ ನಕಲು ಮಾಡಿದ್ದೆಂಬ ಸಂದೇಹ ಅನಿವಾರ್ಯ. ರಕ್ತ ಹೋಗುತ್ತಿರುವವನಲ್ಲಿ ಒತ್ತಡ ಕುಸಿಯುವುದಕ್ಕೆ ಮುಂಚೆಯೇ ಉಸಿರಿನ ವೇಗ ಹೆಚ್ಚುವುದರಿಂದ, ಪೂರ್ಣ ಒಂದು ನಿಮಿಷ ಎಣಿಸಿದ್ದರೆ ನಿರ್ಣಯಕ್ಕೆ ಇನ್ನೊಂದು ಸಾಕ್ಷಿ ದೊರೆಯುತ್ತಿತ್ತು.

ಎರಡನೆಯದು ಹೆಚ್ಚು ಗಂಭೀರ. ಭುಜದ ನೋವು 21:14ಕ್ಕೇ ಬರೆಯಲ್ಪಟ್ಟಿದೆ, 21:22ರ ಹೊತ್ತಿಗೆ ನಾಡಿಯ ಏರಿಕೆಯೂ ಒತ್ತಡಗಳ ಅಂತರದ ಕುಗ್ಗುವಿಕೆಯೂ ಗೋಚರವಾಗಿವೆ. ಆದರೂ ಆಂಬ್ಯುಲೆನ್ಸಿಗೆ ಕರೆ ಹೋದದ್ದು 21:36ಕ್ಕೆ, ಅದೂ ವಾಹನವು ಹದಿನೈದು ಕಿಲೋಮೀಟರ್ ಆಚೆ ನಿಂತಿದ್ದಾಗ. ಎರಡು ಅಂಕಿಗಳ ನಡುವಣ ವ್ಯತ್ಯಾಸ ನೋವಿನಿಂದಲೋ ಗಾಬರಿಯಿಂದಲೋ ಆಗಿರಬಹುದು, ಮೂರನೆಯದನ್ನು ಕಾದದ್ದು ಎಚ್ಚರಿಕೆಯ ಲಕ್ಷಣವೇ ಎಂದು ವಾದಿಸಬಹುದು. ಆದರೆ ನಿರ್ಣಯಕ್ಕೆ ಬೇಕಾದ ನಿಶ್ಚಯ ಕರೆಗೆ ಬೇಕಾಗಿಲ್ಲ: ವಾಹನವನ್ನು ಶಂಕೆಯ ಮೇಲೆ ಕರೆಸಿ, ಅದು ಬರುವ ತನಕ ಮೂರನೆಯ ಸಲ ನೋಡಿ, ಯಾರನ್ನು ಏರಿಸಬೇಕೆಂಬುದನ್ನು ಆಗ ನಿಶ್ಚಯಿಸಬಹುದಾಗಿತ್ತು. ಅನಾವಶ್ಯಕವಾದ ಕರೆಯಿಂದ ನಷ್ಟವಾಗುವುದು ಇಂಧನ. ತಡವಾದ ಕರೆಯಿಂದ ನಷ್ಟವಾಗುವುದು ಹದಿನಾಲ್ಕು ನಿಮಿಷಗಳ ರಕ್ತ.

ಈ ತರ್ಕವನ್ನು ಎಲ್ಲ ರೋಗಿಗಳಿಗೂ ಅನ್ವಯಿಸಲಾಗದೆಂಬುದನ್ನೂ ಓದುಗನು ಮರೆಯಬಾರದು. ನಾಡಿಯನ್ನು ತಗ್ಗಿಸುವ ಮಾತ್ರೆಯನ್ನು ನಿತ್ಯ ನುಂಗುವ ವೃದ್ಧನಲ್ಲಿ ಅಷ್ಟೇ ರಕ್ತ ಹೋಗಿದ್ದರೂ ನಾಡಿ 80ರಲ್ಲಿಯೇ ನಿಂತಿರಬಹುದು, ಮೊದಲೇ ಏರಿದ್ದ ಒತ್ತಡ 120ಕ್ಕೆ ಇಳಿದುದು ಸಹಜವೆಂದೇ ತೋರಬಹುದು. ಟಿಪ್ಪಣಿಯಲ್ಲಿ "ದಿನದ ಔಷಧಿ: ಯಾವುದೂ ಇಲ್ಲ" ಎಂಬ ಮೂರ್ನಾಲ್ಕು ಪದಗಳು ಇರುವುದರಿಂದಲೇ ಉಳಿದ ಅಂಕಿಗಳನ್ನು ನಾವು ನಂಬಿ ಓದಬಹುದಾಗಿದೆ.

ತರುಣನು ಉಳಿದನೇ ಎಂಬುದು ಪುಟದಲ್ಲಿಲ್ಲ. ಇರಬೇಕಾಗಿಯೂ ಇಲ್ಲ, ಏಕೆಂದರೆ ನಿರ್ಣಯದ ಯುಕ್ತಾಯುಕ್ತತೆಯನ್ನು 21:34ಕ್ಕೆ ತಿಳಿದಿದ್ದ ಸಂಗತಿಗಳಿಂದಲೇ ತೂಗಬೇಕು. ಹಾಗೆ ತೂಗಿದರೆ, ಆಯ್ಕೆ ಸರಿ, ಕಾರಣ ಸ್ಪಷ್ಟ, ಕರೆ ತಡ, ಉಸಿರಿನ ಎಣಿಕೆ ಅವಿಶ್ವಸನೀಯ. ಇಷ್ಟನ್ನು ಹೊರಗಿನವನೊಬ್ಬನು ಆ ಒಂದೇ ಪುಟದಿಂದ ಹೇಳಬಲ್ಲನೆಂದರೆ, ವೈದ್ಯೆ ತನ್ನ ತಪ್ಪನ್ನು ಕಂಡುಹಿಡಿಯುವುದಕ್ಕೆ ಬೇಕಾದ ಹೊತ್ತುಗಳನ್ನೂ ಮರೆಮಾಚದೆ ಬರೆದಿದ್ದಾಳೆಂದು ಅರ್ಥ. "ರೋಗಿಯ ಸ್ಥಿತಿ ಸ್ಥಿರ, ಮೇಲಿನ ಆಸ್ಪತ್ರೆಗೆ ಕಳುಹಿಸಿದೆ" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದರೆ ಈ ಆಕ್ಷೇಪಗಳಿಗೆ ಎಡೆಯೇ ಇರುತ್ತಿರಲಿಲ್ಲ.